ಈಜುಕೊಳಕ್ಕೆ ಇಬ್ಬರು ಬೇಕು

2024ರ ನವೆಂಬರ್ 17, ಭಾನುವಾರ ಬೆಳಿಗ್ಗೆ. ಮಂಗಳೂರಿನ ಹೊರವಲಯದ ಸೋಮೇಶ್ವರದ ಬಳಿ, ಉಚ್ಚಿಲ ಕಡಲತೀರದ ಖಾಸಗಿ ರೆಸಾರ್ಟ್ ಒಂದಕ್ಕೆ ವಾರಾಂತ್ಯ ಕಳೆಯಲು ಬಂದಿದ್ದ ಮೈಸೂರಿನ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿನಿಯರು ಅಲ್ಲಿನ ಈಜುಕೊಳಕ್ಕೆ ಇಳಿದರು. ಮೂವರಿಗೂ ಈಜು ಬರುತ್ತಿರಲಿಲ್ಲ. ಕೊಳದ ಒಂದು ಬದಿ ಆರು ಅಡಿಯಷ್ಟು ಆಳವಿತ್ತು. ಒಬ್ಬರು ಮುಳುಗತೊಡಗಿದಾಗ ಉಳಿದವರು ನೆರವಿಗೆ ಹೋದರು. ಮೂವರೂ ಮೇಲೆ ಬರಲಿಲ್ಲ. ನಡೆದದ್ದೆಲ್ಲ ಸಿಸಿಟಿವಿ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಕಣ್ಣಾರೆ ನೋಡಿ ನೀರಿಗೆ ಹಾರಬೇಕಾದವರು ಮಾತ್ರ ಸ್ಥಳದಲ್ಲಿರಲಿಲ್ಲ. ಜೀವರಕ್ಷಕನೂ ಇರಲಿಲ್ಲ, ಆಳ ಎಷ್ಟೆಂದು ಬರೆದ ಫಲಕವೂ ಇರಲಿಲ್ಲ ಎಂಬುದು ಆಮೇಲೆ ಹೊರಬಂತು. ರೆಸಾರ್ಟಿನ ಮಾಲೀಕ ಮತ್ತು ವ್ಯವಸ್ಥಾಪಕರ ಬಂಧನವಾಯಿತು, ಪರವಾನಗಿ ಅಮಾನತಾಯಿತು.

ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ದಾಂಡೇಲಿ, ಕರಾವಳಿ ಎಲ್ಲೆಡೆ ಇಂದು ಹತ್ತು ಹದಿನೈದು ಕೋಣೆಗಳ ರೆಸಾರ್ಟಿಗೂ ಈಜುಕೊಳ ಇದ್ದೇ ಇರುತ್ತದೆ. ಕೋಣೆ ಕಾಯ್ದಿರಿಸುವ ಆ್ಯಪ್‌ನಲ್ಲಿ ನೀಲಿ ನೀರಿನ ಫೋಟೊ ಕಾಣದಿದ್ದರೆ ಗಿರಾಕಿ ಮುಂದಿನ ರೆಸಾರ್ಟಿಗೆ ಬೆರಳು ಸರಿಸುತ್ತಾನೆ. ಆದರೆ ಆ ಕೊಳದ ಹೊಣೆ ಬಹಳ ಕಡೆ ಒಬ್ಬನೇ ಹುಡುಗನದು. ಬೆಳಿಗ್ಗೆ ಎಲೆ ತೆಗೆಯುವವನು, ಕ್ಲೋರಿನ್ ಹಾಕುವವನು, ಪಂಪ್ ಚಾಲೂ ಮಾಡುವವನು, ಟವೆಲ್ ಕೊಡುವವನು, ಮಧ್ಯಾಹ್ನ ಪಕೋಡ ತಂದಿಡುವವನು ಅವನೇ. ಯಾರಾದರೂ ಕೇಳಿದರೆ ‘ಲೈಫ್‌ಗಾರ್ಡ್’ ಎಂದು ತೋರಿಸುವುದೂ ಅವನನ್ನೇ. ಸಣ್ಣ ರೆಸಾರ್ಟಿನ ಈಜುಕೊಳ ಅಪಾಯಕಾರಿಯಾಗುವುದು ಇಲ್ಲಿಂದ. ನೀರನ್ನು ನೋಡಿಕೊಳ್ಳುವುದು ಒಂದು ಕೆಲಸ, ನೀರಿನಲ್ಲಿರುವವರನ್ನು ನೋಡಿಕೊಳ್ಳುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಕಲಿಕೆ ಬೇಕು. ಎರಡನ್ನೂ ಒಬ್ಬನೇ ಒಂದೇ ಹೊತ್ತಿನಲ್ಲಿ ಮಾಡಲು ಬರುವುದಿಲ್ಲ.

ಅರವತ್ತು ಸಾವಿರ ಲೀಟರ್‌ನ ಲೆಕ್ಕ

ಉದಾಹರಣೆಗೆ ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲದ ಒಂದು ಕೊಳವನ್ನು ತೆಗೆದುಕೊಳ್ಳಿ. ಒಂದು ತುದಿಯಲ್ಲಿ ಮೂರು ಅಡಿ, ಇನ್ನೊಂದು ತುದಿಯಲ್ಲಿ ಐದು ಅಡಿ ಆಳ. ಸರಾಸರಿ ಆಳ 1.2 ಮೀಟರ್. ಮೂರನ್ನೂ ಗುಣಿಸಿದರೆ 60 ಘನ ಮೀಟರ್, ಅಂದರೆ 60,000 ಲೀಟರ್ ನೀರು. ಈ ಒಂದು ಸಂಖ್ಯೆ ಗೊತ್ತಿಲ್ಲದೆ ಕ್ಲೋರಿನ್ ಹಾಕುವುದೆಂದರೆ ಕಣ್ಣಂದಾಜಿನಲ್ಲಿ ಔಷಧಿ ಕೊಟ್ಟ ಹಾಗೆ. ಬಹಳಷ್ಟು ಕೊಳಗಳಲ್ಲಿ ನಡೆಯುತ್ತಿರುವುದೂ ಅದೇ: ‘ದಿನಾ ಎರಡು ಮಗ್ ಹಾಕು’.

ಕ್ಲೋರಿನ್ ಅಳೆಯುವುದು ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ ಎಂಬ ಲೆಕ್ಕದಲ್ಲಿ. ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂ ಇದ್ದರೆ ಅದು ಒಂದು ಪಿಪಿಎಂ. ನಮ್ಮ ಕೊಳದಲ್ಲಿ ಕ್ಲೋರಿನ್ ಒಂದು ಪಿಪಿಎಂ ಏರಬೇಕಾದರೆ 60 ಗ್ರಾಂ ಶುದ್ಧ ಕ್ಲೋರಿನ್ ಬೇಕು. ಆದರೆ ಡಬ್ಬದಲ್ಲಿ ಬರುವುದು ಶುದ್ಧ ಕ್ಲೋರಿನ್ ಅಲ್ಲ. 65 ಶೇಕಡಾ ಸಾಮರ್ಥ್ಯದ ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಆದರೆ ಸುಮಾರು 92 ಗ್ರಾಂ ಹಾಕಬೇಕು. ಟಿಸಿಸಿಎ 90 ಎಂದು ಬರೆದಿರುವ ಹರಳು ಅಥವಾ ಬಿಲ್ಲೆಯಾದರೆ 67 ಗ್ರಾಂ ಸಾಕು. ಬಾವಿಗೆ ಹಾಕುವ ಸಾಮಾನ್ಯ ಬ್ಲೀಚಿಂಗ್ ಪೌಡರ್‌ನಲ್ಲಿ ಕ್ಲೋರಿನ್ ಮೂರನೇ ಒಂದು ಭಾಗದಷ್ಟೇ ಇರುವುದರಿಂದ ಅದು 180 ಗ್ರಾಂ ಬೇಕು. ಜೊತೆಗೆ ಅದರ ಸುಣ್ಣ ತಳದಲ್ಲಿ ಕೂರುತ್ತದೆ. ಚೀಲ ತೆರೆದಿಟ್ಟರೆ ತೇವಕ್ಕೆ ಅದರ ಶಕ್ತಿಯೂ ದಿನೇ ದಿನೇ ಇಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ಎಷ್ಟು ಇರಬೇಕು? ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆಯಂತೆ ಈಜುಕೊಳದಲ್ಲಿ ಮುಕ್ತ ಕ್ಲೋರಿನ್ ಕನಿಷ್ಠ ಒಂದು ಪಿಪಿಎಂ ಇರಬೇಕು. ಟಿಸಿಸಿಎ ಬಳಸುವ ಕೊಳವಾದರೆ ಕನಿಷ್ಠ ಎರಡು. ಸಾಮಾನ್ಯವಾಗಿ ಒಂದರಿಂದ ಮೂರರ ನಡುವೆ ನಿಲ್ಲಿಸುವುದು ರೂಢಿ. ‘ಮುಕ್ತ’ ಎಂಬ ಮಾತನ್ನು ಗಮನಿಸಿ. ಕೊಳದ ಕ್ಲೋರಿನ್‌ನಲ್ಲಿ ಎರಡು ಬಗೆ. ಇನ್ನೂ ಯಾವುದಕ್ಕೂ ಅಂಟಿಕೊಳ್ಳದೆ ರೋಗಾಣುವನ್ನು ಕೊಲ್ಲಲು ಸಿದ್ಧವಾಗಿರುವುದು ಮುಕ್ತ ಕ್ಲೋರಿನ್. ಬೆವರು, ಮೂತ್ರ, ಮೈಗೆ ಹಚ್ಚಿದ ಎಣ್ಣೆ ಮತ್ತು ಕ್ರೀಮ್ ಇವುಗಳ ಜೊತೆ ಸೇರಿ ಹೆಚ್ಚುಕಡಿಮೆ ನಿಷ್ಪ್ರಯೋಜಕವಾದದ್ದು ಬಂಧಿತ ಕ್ಲೋರಿನ್, ಅಂದರೆ ಕ್ಲೋರಮೈನ್. ಕೊಳದ ಹತ್ತಿರ ಹೋದೊಡನೆ ಮೂಗಿಗೆ ಬಡಿಯುವ ಘಾಟು, ಕಣ್ಣುರಿ, ಕೆಮ್ಮು ಇವೆಲ್ಲ ಈ ಎರಡನೆಯದರ ಕೆಲಸ. ‘ಕ್ಲೋರಿನ್ ಜಾಸ್ತಿ ಹಾಕಿದ್ದಾರೆ’ ಎಂದು ಅತಿಥಿಗಳು ಗೊಣಗುವ ಕೊಳದಲ್ಲಿ ಹಲವು ಸಲ ಕೆಲಸಕ್ಕೆ ಬರುವ ಕ್ಲೋರಿನ್ ಕಡಿಮೆಯೇ ಇರುತ್ತದೆ. ಚೆನ್ನಾಗಿ ನೋಡಿಕೊಂಡ ಕೊಳಕ್ಕೆ ಅಷ್ಟು ಘಾಟು ಇರುವುದಿಲ್ಲ.

ಹಳದಿ ಹನಿ ಹೇಳದ ಮಾತು

ಇದೇ ಕಾರಣಕ್ಕೆ ಪರೀಕ್ಷೆಯ ಪೆಟ್ಟಿಗೆ ಯಾವುದು ಎಂಬುದು ಮುಖ್ಯ. ಸಣ್ಣ ರೆಸಾರ್ಟುಗಳಲ್ಲಿ ಹೆಚ್ಚಾಗಿ ಕಾಣುವುದು ಅಗ್ಗದ ಓಟಿಒ ಕಿಟ್. ಪುಟ್ಟ ಕೊಳವೆಯಲ್ಲಿ ಕೊಳದ ನೀರು ತುಂಬಿ, ನಾಲ್ಕೈದು ಹನಿ ಹಾಕಿದರೆ ನೀರು ಹಳದಿಯಾಗುತ್ತದೆ. ಹಳದಿ ಗಾಢವಾದಷ್ಟೂ ಕ್ಲೋರಿನ್ ಹೆಚ್ಚು. ತೊಂದರೆ ಏನೆಂದರೆ, ಅದು ತೋರಿಸುವುದು ಒಟ್ಟು ಕ್ಲೋರಿನ್ ಮಾತ್ರ. ಅದರಲ್ಲಿ ದುಡಿಯುವುದೆಷ್ಟು, ದುಡಿದು ಸತ್ತದ್ದೆಷ್ಟು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಡಿಪಿಡಿ ಕಿಟ್ ಇದನ್ನು ಬಿಡಿಸಿ ಹೇಳುತ್ತದೆ. ನೀರು ಒಳಬರುವ ಕಿಂಡಿಯಿಂದ ದೂರ ನಿಂತು, ಬಾಟಲಿಯನ್ನು ಬೋರಲಾಗಿ ಹಿಡಿದು, ಮೊಣಕೈ ಮುಳುಗುವಷ್ಟು ಆಳಕ್ಕೆ ಒಯ್ದು, ಅಲ್ಲಿ ತಿರುಗಿಸಿ ನೀರು ತುಂಬಿಕೊಳ್ಳಬೇಕು. ಮೇಲ್ಪದರದ ನೀರು ಬಿಸಿಲಿಗೆ ಕ್ಲೋರಿನ್ ಕಳೆದುಕೊಂಡಿರುವುದರಿಂದ ಅದನ್ನು ನಂಬುವಂತಿಲ್ಲ. ಆ ನೀರಿಗೆ ಡಿಪಿಡಿ ಒಂದನೇ ನಂಬರಿನ ಮಾತ್ರೆ ಹಾಕಿ ಕಲಕಿದರೆ ಗುಲಾಬಿ ಬಣ್ಣ ಬರುತ್ತದೆ. ಪಟ್ಟಿಯ ಬಣ್ಣಕ್ಕೆ ಹೋಲಿಸಿದರೆ ಸಿಗುವುದು ಮುಕ್ತ ಕ್ಲೋರಿನ್. ಅದೇ ಕೊಳವೆಗೆ ಮೂರನೇ ನಂಬರಿನ ಮಾತ್ರೆ ಹಾಕಿದರೆ ಗುಲಾಬಿ ಇನ್ನಷ್ಟು ಗಾಢವಾಗಬಹುದು. ಅದು ಒಟ್ಟು ಕ್ಲೋರಿನ್. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದು ಬಂಧಿತ ಕ್ಲೋರಿನ್. ಅದು 0.4 ಪಿಪಿಎಂ ದಾಟಿದರೆ ಏನಾದರೂ ಮಾಡಲೇಬೇಕು.

ಇಲ್ಲಿ ಒಂದು ಬಲೆ ಇದೆ. ಕ್ಲೋರಿನ್ ವಿಪರೀತ ಇದ್ದರೆ ಗುಲಾಬಿ ಬಣ್ಣ ಒಂದು ಕ್ಷಣ ಮಿಂಚಿ ಮಾಯವಾಗುತ್ತದೆ, ನೀರು ಬಣ್ಣವಿಲ್ಲದೆ ಉಳಿಯುತ್ತದೆ. ಅದನ್ನು ‘ಸೊನ್ನೆ’ ಎಂದು ಓದಿ ಇನ್ನೆರಡು ಮಗ್ ಕ್ಲೋರಿನ್ ಸುರಿದರೆ ಮೈ ತುರಿಸುವ ನೀರಿಗೆ ಜನರನ್ನು ಇಳಿಸಿದಂತಾಗುತ್ತದೆ. ಬಣ್ಣ ಮಿಂಚಿ ಹೋದ ಅನುಮಾನ ಬಂದರೆ ಕೊಳದ ನೀರಿಗೆ ನಾಲ್ಕು ಪಟ್ಟು ಡಿಸ್ಟಿಲ್ಡ್ ವಾಟರ್ ಬೆರೆಸಿ ಮತ್ತೆ ಪರೀಕ್ಷಿಸಿ, ಬಂದ ಅಂಕಿಯನ್ನು ಐದರಿಂದ ಗುಣಿಸಬೇಕು.

ಇನ್ನೊಂದು ಪರೀಕ್ಷೆ ಪಿಎಚ್. ನೀರು ಆಮ್ಲೀಯವೋ ಕ್ಷಾರೀಯವೋ ಎಂದು ಹೇಳುವ ಈ ಸಂಖ್ಯೆ ಕ್ಲೋರಿನ್‌ನ ಹರಿತವನ್ನೇ ನಿರ್ಧರಿಸುತ್ತದೆ. ರೋಗಾಣುವನ್ನು ಬೇಗ ಕೊಲ್ಲುವುದು ಮುಕ್ತ ಕ್ಲೋರಿನ್‌ನಲ್ಲಿರುವ ಹೈಪೊಕ್ಲೋರಸ್ ಆಮ್ಲ. ಪಿಎಚ್ 7.5 ಇದ್ದಾಗ ಮುಕ್ತ ಕ್ಲೋರಿನ್‌ನ ಹೆಚ್ಚುಕಡಿಮೆ ಅರ್ಧದಷ್ಟು ಈ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಕಾಲು ಭಾಗ, 8.5ಕ್ಕೆ ಹೋದರೆ ಹತ್ತನೇ ಒಂದು ಭಾಗ ಮಾತ್ರ. ಅಂದರೆ ಕಿಟ್ ಎರಡು ಪಿಪಿಎಂ ತೋರಿಸುತ್ತಿದ್ದರೂ ನೀರು ನಿಜಕ್ಕೂ ರಕ್ಷಣೆ ಇಲ್ಲದೆ ಬಿದ್ದಿರಬಹುದು. ಗಡಸು ಕೊಳವೆಬಾವಿ ನೀರು ತುಂಬಿದ ಕೊಳಗಳಲ್ಲಿ ಪಿಎಚ್ ಸುಮ್ಮನಿದ್ದರೂ ಮೇಲಕ್ಕೆ ಏರುತ್ತಲೇ ಇರುತ್ತದೆ. 7.2ರಿಂದ 7.6ರ ನಡುವೆ ಅದನ್ನು ಹಿಡಿದಿಡಬೇಕು. ಆದ್ದರಿಂದಲೇ ಮೊದಲು ಪಿಎಚ್ ಸರಿಮಾಡು, ಆಮೇಲೆ ಕ್ಲೋರಿನ್ ಹಾಕು ಎಂಬುದು ಈ ಕೆಲಸದ ಮೊದಲ ನಿಯಮ.

ಕ್ಲೋರಿನ್ ಇಲ್ಲದ ನೀರು ಏನು ಮಾಡಬಲ್ಲದು ಎಂಬುದು ನೆರೆಯ ಕೇರಳದಲ್ಲಿ ಕಾಣಿಸಿದೆ. ಬೆಚ್ಚಗಿನ ನೀರಿನಲ್ಲಿ ಬೆಳೆಯುವ ನೇಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಒಳಹೊಕ್ಕು ಮಿದುಳಿಗೆ ಏರುತ್ತದೆ. ಕುಡಿದರೆ ಏನೂ ಆಗದ ನೀರು, ಮೂಗಿಗೆ ಹೋದರೆ ಪ್ರಾಣಕ್ಕೆ ಎರವಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ತಿರುವನಂತಪುರದ ಪ್ರವಾಸಿ ತಾಣವೊಂದರ ಈಜುಕೊಳದಲ್ಲಿ ಮಿಂದಿದ್ದ 17 ವರ್ಷದ ಹುಡುಗನಿಗೆ ಅಮೀಬಾ ಸೋಂಕು ದೃಢಪಟ್ಟಾಗ, ಆರೋಗ್ಯ ಇಲಾಖೆ ಆ ಕೊಳವನ್ನು ಮುಚ್ಚಿಸಿ ನೀರಿನ ಮಾದರಿ ಪಡೆಯಿತು. ಸರಿಯಾದ ಮುಕ್ತ ಕ್ಲೋರಿನ್ ಇರುವ ನೀರಿನಲ್ಲಿ ಈ ಅಮೀಬಾ ಬದುಕುವುದಿಲ್ಲ.

ಶುಕ್ರವಾರ ರಾತ್ರಿ ಎಂಟು ಗಂಟೆ

ಈಗ ಆ 60,000 ಲೀಟರ್ ಕೊಳಕ್ಕೆ ಮರಳೋಣ. ಶುಕ್ರವಾರ ಕಂಪನಿಯೊಂದರ ಮೂವತ್ತು ಮಂದಿ ಬಂದು ಸಂಜೆಯವರೆಗೂ ನೀರಿನಲ್ಲಿದ್ದರು ಎಂದುಕೊಳ್ಳಿ. ಹೆಚ್ಚಿನವರು ಷವರ್ ಕೆಳಗೆ ನಿಲ್ಲದೆಯೇ ಇಳಿದಿದ್ದಾರೆ. ರಾತ್ರಿ ಎಂಟಕ್ಕೆ ಕೊಳ ಮುಚ್ಚಿದ ಮೇಲೆ ಪರೀಕ್ಷಿಸಿದರೆ ಒಟ್ಟು ಕ್ಲೋರಿನ್ 1.6, ಮುಕ್ತ ಕ್ಲೋರಿನ್ 0.6, ಪಿಎಚ್ 7.9. ಹಳದಿ ಹನಿಯ ಕಿಟ್ ಇದ್ದಿದ್ದರೆ ಅದು 1.6 ತೋರಿಸಿ ‘ಎಲ್ಲ ಸರಿಯಾಗಿದೆ’ ಎನ್ನುತ್ತಿತ್ತು. ನಿಜದಲ್ಲಿ ಒಂದು ಪಿಪಿಎಂ ಬಂಧಿತ ಕ್ಲೋರಿನ್ ಸೇರಿಕೊಂಡಿದೆ, ರಕ್ಷಣೆ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದಿದೆ.

ಮೊದಲ ಹೆಜ್ಜೆ ಪಿಎಚ್ ಇಳಿಸುವುದು. ಒಂದು ಪ್ಲಾಸ್ಟಿಕ್ ಬಕೆಟ್ ತುಂಬ ನೀರು ತೆಗೆದುಕೊಂಡು ಅದಕ್ಕೆ ಅರ್ಧ ಲೀಟರ್ ಹೈಡ್ರೊಕ್ಲೋರಿಕ್ ಆಸಿಡ್ ಬೆರೆಸಬೇಕು. ನೀರಿಗೆ ಆಸಿಡ್, ಆಸಿಡ್‌ಗೆ ನೀರಲ್ಲ. ಕೈಗವಸು, ಕನ್ನಡಕ ಕಡ್ಡಾಯ. ಪಂಪ್ ಓಡುತ್ತಿರುವಾಗ ಆಳದ ಬದಿಯಲ್ಲಿ ನಿಧಾನವಾಗಿ ಸುರಿದು, ಒಂದೆರಡು ಗಂಟೆ ಬಿಟ್ಟು ಮತ್ತೆ ಅಳೆಯಬೇಕು. ಸಾಲದಿದ್ದರೆ ಇನ್ನೊಂದಿಷ್ಟು. ನೀರಿನ ಕ್ಷಾರತೆಗೆ ತಕ್ಕಂತೆ ಬೇಕಾಗುವ ಆಸಿಡ್ ಹೆಚ್ಚು ಕಡಿಮೆಯಾಗುವುದರಿಂದ ಒಂದೇ ಸಲಕ್ಕೆ ಲೆಕ್ಕ ಮುಗಿಸಲು ಹೋಗಬಾರದು.

ಎರಡನೇ ಹೆಜ್ಜೆಗೆ ಈ ಕೆಲಸದವರು ‘ಶಾಕ್’ ಎನ್ನುತ್ತಾರೆ. ಬಂಧಿತ ಕ್ಲೋರಿನ್ ಒಡೆದು ಹೋಗಬೇಕಾದರೆ ಅದರ ಹತ್ತು ಪಟ್ಟು ಹೊಸ ಕ್ಲೋರಿನ್ ಹಾಕಬೇಕೆಂಬುದು ರೂಢಿಯ ಸೂತ್ರ. ಬಂಧಿತ ಒಂದು ಪಿಪಿಎಂ ಇದ್ದರೆ ಹಾಕಬೇಕಾದದ್ದು ಹತ್ತು ಪಿಪಿಎಂ, ಅಂದರೆ 600 ಗ್ರಾಂ ಶುದ್ಧ ಕ್ಲೋರಿನ್, ಅಂದರೆ 65 ಶೇಕಡಾ ಪುಡಿ ಸುಮಾರು 920 ಗ್ರಾಂ. ಅರ್ಧಕ್ಕೆ ನಿಲ್ಲಿಸಿದರೆ ಕ್ಲೋರಮೈನ್ ಪೂರ್ತಿ ಒಡೆಯುವುದಿಲ್ಲ, ಘಾಟು ಹಾಗೇ ಉಳಿಯುತ್ತದೆ. ಪುಡಿಯನ್ನು ಮೂರು ನಾಲ್ಕು ಬಕೆಟ್ ನೀರಿನಲ್ಲಿ ಕರಗಿಸಿ, ಕೊಳದ ಸುತ್ತ ನಡೆಯುತ್ತ ಸುರಿಯಬೇಕು. ರಾತ್ರಿಯಿಡೀ ಪಂಪ್ ನಿಲ್ಲಿಸಬಾರದು. ಗಂಟೆಗೆ 15,000 ಲೀಟರ್ ಹರಿಸುವ ಪಂಪ್ ಆದರೆ ಇಡೀ ಕೊಳದಷ್ಟು ನೀರು ಫಿಲ್ಟರ್ ದಾಟಲು ನಾಲ್ಕು ಗಂಟೆ ಸಾಕು. ಕರೆಂಟ್ ಬಿಲ್ ಉಳಿಸಲೆಂದು ರಾತ್ರಿ ಪಂಪ್ ಆರಿಸುವ ರೆಸಾರ್ಟುಗಳಲ್ಲಿ ಹಾಕಿದ ಕ್ಲೋರಿನ್ ಒಂದು ಮೂಲೆಯಲ್ಲೇ ಉಳಿಯುತ್ತದೆ.

ಬೆಳಿಗ್ಗೆ ಆರಕ್ಕೆ ಮತ್ತೆ ಪರೀಕ್ಷೆ. ಮುಕ್ತ ಮತ್ತು ಒಟ್ಟು ಕ್ಲೋರಿನ್ ಎರಡೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಿದರೆ ಶಾಕ್ ಫಲಿಸಿದೆ ಎಂದರ್ಥ. ಅಂಕಿ ಮೂರಕ್ಕಿಂತ ಮೇಲಿದ್ದರೆ ಬಿಸಿಲಿಗೆ ಇಳಿಯುವವರೆಗೆ ಕೊಳ ತೆರೆಯಬಾರದು. ಬೆಳಗಿನ ತಿಂಡಿ ಮುಗಿಸಿ ಬರುವ ಅತಿಥಿಗೆ ‘ಒಂದು ಗಂಟೆ ಬಿಟ್ಟು ಬನ್ನಿ ಸಾರ್’ ಎನ್ನುವ ಅಧಿಕಾರ ಆ ಹುಡುಗನಿಗೆ ಇರಬೇಕು. ಇದನ್ನೆಲ್ಲ ಶನಿವಾರ ಬೆಳಿಗ್ಗೆ ಕಂಡುಕೊಂಡಿದ್ದರೆ ವಾರದ ಅತಿ ಹೆಚ್ಚು ಗಿರಾಕಿಯ ದಿನವೇ ಕೊಳ ಮುಚ್ಚಬೇಕಾಗುತ್ತಿತ್ತು. ಬಹಳಷ್ಟು ಕಡೆ ದಿನಕ್ಕೊಂದು ಬೆಳಗಿನ ಪರೀಕ್ಷೆ ಮಾತ್ರ ನಡೆಯುತ್ತದೆ. ಆದರೆ ಕೊಳದ ನಿಜವಾದ ಸ್ಥಿತಿ ಗೊತ್ತಾಗುವುದು, ಸರಿಪಡಿಸಲು ಸಮಯ ಸಿಗುವುದು ಸಂಜೆಯ ಪರೀಕ್ಷೆಯಿಂದ. ಬಳಕೆ ಇರುವ ದಿನ ನಡುವೆಯೂ ಎರಡು ಮೂರು ಗಂಟೆಗೊಮ್ಮೆ ನೋಡಿ ಪುಸ್ತಕದಲ್ಲಿ ಬರೆಯಬೇಕು.

ಮಗುವೊಂದು ನೀರಿನಲ್ಲೇ ಮಲವಿಸರ್ಜನೆ ಮಾಡಿದರೆ? ಮುಜುಗರದಿಂದ ಮುಚ್ಚಿಹಾಕುವ ವಿಷಯ ಇದಲ್ಲ. ಗಟ್ಟಿ ಮಲವಾದರೆ ಎಲ್ಲರನ್ನೂ ಮೇಲೆ ಕಳಿಸಿ, ಬಲೆಯಿಂದ ತೆಗೆದು, ಮುಕ್ತ ಕ್ಲೋರಿನ್ ಎರಡು ಪಿಪಿಎಂನಲ್ಲಿ ನಿಲ್ಲಿಸಿ ಅರ್ಧ ಗಂಟೆ ಕಾದರೆ ಸಾಕು. ಭೇದಿಯಾಗಿದ್ದರೆ ಲೆಕ್ಕವೇ ಬೇರೆ. ಒಂದು ಪಿಪಿಎಂ ಕ್ಲೋರಿನ್‌ನಲ್ಲಿ ಇ. ಕೋಲೈ ಒಂದು ನಿಮಿಷದೊಳಗೆ ಸಾಯುತ್ತದೆ, ಆದರೆ ಭೇದಿ ಹರಡುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಒಂದು ವಾರಕ್ಕೂ ಮಿಕ್ಕಿ ಬದುಕಿರುತ್ತದೆ. ಅದನ್ನು ಕೊಲ್ಲಲು 20 ಪಿಪಿಎಂನಲ್ಲಿ ಸುಮಾರು 13 ಗಂಟೆ ಬೇಕು. ಆ ದಿನ ಕೊಳ ಬಂದ್.

ಬಿಲ್ಲೆಯ ಬಲೆ, ಗೋದಾಮಿನ ಬೆಂಕಿ

ನಮ್ಮಲ್ಲಿ ಟಿಸಿಸಿಎ ಜನಪ್ರಿಯ. ಕಾರಣ ಸರಳ: ಬಿಲ್ಲೆ ನಿಧಾನವಾಗಿ ಕರಗುತ್ತದೆ, ಕೆಲಸ ಕಡಿಮೆ. ಅದರಲ್ಲಿರುವ ಸಯನೂರಿಕ್ ಆಮ್ಲ ಕ್ಲೋರಿನ್ ಅನ್ನು ಬಿಸಿಲಿನಿಂದ ಕಾಪಾಡುತ್ತದೆ. ಈ ರಕ್ಷಣೆ ಇಲ್ಲದ ಕ್ಲೋರಿನ್ ನಡುಹಗಲ ಬಿಸಿಲಿಗೆ ಗಂಟೆಯೊಳಗೆ ಅರ್ಧಕ್ಕಿಳಿಯಬಹುದು. ಆದರೆ ಕ್ಲೋರಿನ್ ಖರ್ಚಾಗಿ ಹೋದ ಮೇಲೂ ಸಯನೂರಿಕ್ ಆಮ್ಲ ನೀರಿನಲ್ಲೇ ಉಳಿಯುತ್ತದೆ. ಟಿಸಿಸಿಎಯಿಂದ ಒಂದು ಪಿಪಿಎಂ ಕ್ಲೋರಿನ್ ಹಾಕಿದಾಗಲೆಲ್ಲ ಅದರ ಜೊತೆ 0.6 ಪಿಪಿಎಂ ಸಯನೂರಿಕ್ ಆಮ್ಲ ಸೇರುತ್ತದೆ. ದಿನಕ್ಕೆ ಎರಡು ಪಿಪಿಎಂ ಹಾಕುವ ಕೊಳದಲ್ಲಿ ತಿಂಗಳಿಗೆ 36, ಮೂರು ತಿಂಗಳ ಬೇಸಿಗೆಯಲ್ಲಿ ನೂರಕ್ಕೂ ಹೆಚ್ಚು. ಅಷ್ಟು ಹೊತ್ತಿಗೆ ಅದು ಕ್ಲೋರಿನ್ ಅನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿರುತ್ತದೆ ಎಂದರೆ, ಅಂಕಿ ಮೂರು ಇದ್ದರೂ ಪಾಚಿ ಕಟ್ಟತೊಡಗುತ್ತದೆ. ‘ಎಷ್ಟು ಕ್ಲೋರಿನ್ ಹಾಕಿದರೂ ನೀರು ಹಸಿರಾಗ್ತಿದೆ’ ಎಂಬ ಏಪ್ರಿಲ್ ತಿಂಗಳ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಇದನ್ನು ಇಳಿಸಲು ಯಾವ ಪುಡಿಯೂ ಬೇಕಿಲ್ಲ. ಅರ್ಧ ನೀರು ಹೊರಬಿಟ್ಟು ಹೊಸ ನೀರು ತುಂಬಿದರೆ ಅಂಕಿಯೂ ಅರ್ಧವಾಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ದುಡ್ಡು ಸುರಿಯುವ ಬದಲು, ಮೊದಲಿನಿಂದಲೇ ಹೈಪೊಕ್ಲೋರೈಟ್ ಮುಖ್ಯವಾಗಿಟ್ಟುಕೊಂಡು ಬಿಲ್ಲೆಯನ್ನು ಮಿತವಾಗಿ ಬಳಸುವುದು ಜಾಣತನ.

ಇವೆರಡನ್ನೂ ಒಂದೇ ಕಡೆ ಇಡುವಾಗ ಮಾತ್ರ ಎಚ್ಚರ ತಪ್ಪಬಾರದು. ಟಿಸಿಸಿಎ ಮತ್ತು ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಎರಡೂ ಬಿಳಿ, ಎರಡಕ್ಕೂ ಒಂದೇ ವಾಸನೆ, ಹೆಸರು ಮಾತ್ರ ‘ಕ್ಲೋರಿನ್’. ಇವು ಒಂದಕ್ಕೊಂದು ಬೆರೆತು ತೇವ ತಗುಲಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಒಂದರಲ್ಲಿ ಅದ್ದಿದ ಚಮಚವನ್ನು ಇನ್ನೊಂದಕ್ಕೆ ಅದ್ದುವುದೂ ಅಪಾಯ. ಆಸಿಡ್ ಮತ್ತು ಹೈಪೊಕ್ಲೋರೈಟ್ ಸೇರಿದರೆ ಹಸಿರು-ಹಳದಿ ಕ್ಲೋರಿನ್ ಅನಿಲ ಏಳುತ್ತದೆ. ಗಾಳಿಗಿಂತ ಭಾರವಾದ ಅದು ಪಂಪ್ ಕೋಣೆಯಂಥ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಪಂಪ್ ಕೋಣೆಯ ಮೂಲೆಯಲ್ಲಿ ಆಸಿಡ್ ಕ್ಯಾನ್, ಅದರ ಮೇಲೆ ಬಾಯಿ ಬಿಚ್ಚಿದ ಪುಡಿ ಚೀಲ ಇಟ್ಟ ದೃಶ್ಯ ಸಣ್ಣ ರೆಸಾರ್ಟುಗಳಲ್ಲಿ ಅಪರೂಪವೇನಲ್ಲ. ಮೂರಕ್ಕೂ ಬೇರೆ ಬೇರೆ ಜಾಗ, ಬೇರೆ ಬೇರೆ ಅಳತೆ ಪಾತ್ರೆ, ಗಾಳಿಯಾಡುವ ಒಣ ಕೋಣೆ ಬೇಕು.

ತಳ ಕಾಣದಿದ್ದರೆ ಕೊಳ ಇಲ್ಲ

ನೀರಿನ ಕೆಲಸ ಮತ್ತು ಜನರನ್ನು ಕಾಯುವ ಕೆಲಸ ಕೂಡುವ ಜಾಗ ಒಂದಿದೆ. ಅದು ನೀರಿನ ತಿಳಿತನ. ದಡದಲ್ಲಿ ನಿಂತವನಿಗೆ ಅತಿ ಆಳದ ಕಡೆ ತಳದಲ್ಲಿರುವ ಜಾಲರಿ ಸ್ಪಷ್ಟವಾಗಿ ಕಾಣಬೇಕು, ಅದರ ಅಂಚು ಗುರುತಿಸಲು ಬರಬೇಕು. ಕಾಣದಿದ್ದರೆ ಕ್ಲೋರಿನ್ ಅಂಕಿ ಎಷ್ಟೇ ಚೆನ್ನಾಗಿದ್ದರೂ ಕೊಳ ಮುಚ್ಚಬೇಕು. ಏಕೆಂದರೆ ಮುಳುಗಿದವರು ತಳದಲ್ಲಿರುತ್ತಾರೆ. ಹಾಲಿನಂತೆ ಮಬ್ಬಾದ ನಾಲ್ಕು ಅಡಿ ನೀರಿನಲ್ಲಿ ಮಲಗಿದ ಮಗು ಎರಡು ಅಡಿ ದೂರದಲ್ಲಿ ಆಡುತ್ತಿರುವವರಿಗೂ ಕಾಣುವುದಿಲ್ಲ. ಮಬ್ಬಿಗೆ ಹೆಚ್ಚಾಗಿ ಫಿಲ್ಟರ್ ಕಾರಣ. ಮರಳು ಫಿಲ್ಟರ್‌ನ ಗೇಜು ಶುಚಿಯಾಗಿದ್ದಾಗಿನ ಅಂಕಿಗಿಂತ ಎಂಟು ಹತ್ತು ಪಿಎಸ್ಐ ಏರಿದರೆ ಅದನ್ನು ಹಿಮ್ಮುಖವಾಗಿ ತೊಳೆಯಬೇಕು.

ನೀರು ತಿಳಿಯಾಗಿದ್ದರೂ ನೋಡುವವನಿಗೆ ಏನು ನೋಡಬೇಕೆಂದು ಗೊತ್ತಿರಬೇಕು. ಸಿನಿಮಾದಲ್ಲಿ ಮುಳುಗುವವರು ಕೈ ಬೀಸುತ್ತಾರೆ, ಕೂಗುತ್ತಾರೆ. ನಿಜದಲ್ಲಿ ಹಾಗಾಗುವುದಿಲ್ಲ. ನ್ಯೂಯಾರ್ಕಿನ ಆರ್ಚರ್ಡ್ ಬೀಚ್‌ನಲ್ಲಿ ಜೀವರಕ್ಷಕರಾಗಿದ್ದ ಫ್ರಾಂಕ್ ಪಿಯಾ, ಮುಳುಗುವವರ ಚಲನೆಗಳನ್ನು ಚಿತ್ರೀಕರಿಸಿ ಅಭ್ಯಾಸ ಮಾಡಿ ಇದನ್ನು ವಿವರಿಸಿದರು. ಉಸಿರಿಗೇ ತತ್ವಾರವಾದವರಿಗೆ ಕೂಗಲು ಉಸಿರು ಇರುವುದಿಲ್ಲ. ದೇಹ ನೀರಿನಲ್ಲಿ ನೆಟ್ಟಗೆ ನಿಂತಿರುತ್ತದೆ, ಕಾಲು ಬಡಿಯುವುದಿಲ್ಲ. ಕೈಗಳು ಎರಡೂ ಬದಿ ಚಾಚಿ ಕಾಣದ ಏಣಿಯನ್ನು ಹತ್ತುವಂತೆ ನೀರನ್ನು ಕೆಳಗೆ ಒತ್ತುತ್ತಿರುತ್ತವೆ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕೆ ಬಂದು ಮತ್ತೆ ಮುಳುಗುತ್ತದೆ. ಈ ಸ್ಥಿತಿ ಉಳಿಯುವುದು 20ರಿಂದ 60 ಸೆಕೆಂಡು ಮಾತ್ರ. ಪಕ್ಕದಲ್ಲಿದ್ದವರಿಗೆ ಅದು ಆಟದ ಹಾಗೆ ಕಾಣುತ್ತದೆ.

ಜೀವರಕ್ಷಕ ಇದ್ದೂ ಸಾವು ಸಂಭವಿಸುವುದಕ್ಕೆ ಪಿಯಾ ಮೂರು ಕಾರಣ ಕೊಟ್ಟರು: ಗುರುತಿಸಲು ಬಾರದಿರುವುದು, ಕಾವಲಿನ ಮೇಲೆ ಬೇರೆ ಕೆಲಸ ಹೇರುವುದು, ಗಮನ ಬೇರೆಡೆ ಹೋಗುವುದು. ನಮ್ಮ ಸಣ್ಣ ರೆಸಾರ್ಟಿನ ಹುಡುಗನಿಗೆ ಎರಡನೆಯದು ನೇರವಾಗಿ ಅನ್ವಯಿಸುತ್ತದೆ. ಅತಿಥಿ ‘ಒಂದು ಟೀ ತಂದ್ಕೊಡಪ್ಪ’ ಎಂದಾಗ ಅವನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ನಾಲ್ಕೈದು ನಿಮಿಷ ಕಳೆಯುತ್ತದೆ. ಮೇಲಿನ 60 ಸೆಕೆಂಡಿನ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಬೇಕು. ನೀರು ಪರೀಕ್ಷಿಸಲು ಬಗ್ಗಿ ಕೂತರೂ, ಎಲೆ ತೆಗೆಯಲು ಬೆನ್ನು ತಿರುಗಿಸಿದರೂ ಇದೇ ಕಥೆ.

ಹಾಗಾಗಿ ಕೊಳದಲ್ಲಿ ಜನ ಇರುವಷ್ಟು ಹೊತ್ತು ಜೀವರಕ್ಷಕನಿಗೆ ಒಂದೇ ಕೆಲಸ. ಇಡೀ ಕೊಳ, ಮೇಲ್ಮೈ ಮತ್ತು ತಳ ಎರಡೂ, ಅವನ ಕಣ್ಣಿನಲ್ಲಿ ಹತ್ತು ಸೆಕೆಂಡಿಗೊಮ್ಮೆ ಹಾದುಹೋಗಬೇಕು. ಏನಾದರೂ ಕಂಡ ಇಪ್ಪತ್ತು ಸೆಕೆಂಡಿನೊಳಗೆ ಅವನು ಆ ವ್ಯಕ್ತಿಯನ್ನು ತಲುಪುವಂತಿರಬೇಕು. ಜಗತ್ತಿನ ಅನೇಕ ಕೊಳಗಳಲ್ಲಿ ಜೀವರಕ್ಷಕರಿಗೆ ಕಲಿಸುವ ಅಳತೆ ಇದು. ಬಿಸಿಲಿನ ಪ್ರಖರತೆಯಿಂದ ನೀರಿನ ಯಾವ ಭಾಗ ಹೊಳೆದು ತಳ ಮರೆಯಾಗುತ್ತದೆ ಎಂದು ನೋಡಿ ಕುರ್ಚಿಯ ಜಾಗ ಬದಲಿಸಬೇಕು. ಫೋನ್ ಜೇಬಿನಲ್ಲಿ ಅಲ್ಲ, ಕಚೇರಿಯಲ್ಲಿರಬೇಕು. ಕಣ್ಣು ದಣಿಯುವುದರಿಂದ ಅರ್ಧ ಗಂಟೆಗೊಮ್ಮೆ, ಹೆಚ್ಚೆಂದರೆ ಒಂದು ಗಂಟೆಗೊಮ್ಮೆ ಆಳು ಬದಲಾಗಬೇಕು. ನೀರಿನ ಕೆಲಸ ಕಲಿತ ಇನ್ನೊಬ್ಬ ಬೇಕು ಎನ್ನುವುದು ಇಲ್ಲಿಯೇ. ಒಬ್ಬ ಕಾಯುವಾಗ ಇನ್ನೊಬ್ಬ ನೀರು, ಪಂಪ್ ನೋಡಲಿ, ಆಮೇಲೆ ಅದಲು ಬದಲಾಗಲಿ. ಎರಡನೇ ಸಂಬಳ ಕೊಡಲು ಆಗದ ರೆಸಾರ್ಟು ಕೊಳದ ಸಮಯವನ್ನು ಕಡಿಮೆ ಮಾಡಬಹುದು: ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಉಳಿದ ಹೊತ್ತು ಗೇಟಿಗೆ ಬೀಗ.

ತರಬೇತಿ ಎಲ್ಲಿ ಎಂದು ಮಾಲೀಕರು ಕೇಳಬಹುದು. ಪುಣೆಯ ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿ, ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಂಥವು ಜೀವರಕ್ಷಣೆ ಕಲಿಸುತ್ತವೆ. ಊರಿನ ಹೊಳೆಯಲ್ಲಿ ಚೆನ್ನಾಗಿ ಈಜುವ ಹುಡುಗ ತನ್ನಷ್ಟಕ್ಕೆ ಜೀವರಕ್ಷಕನಾಗುವುದಿಲ್ಲ. ಮುಳುಗುತ್ತಿರುವವನು ಸಿಕ್ಕವರ ಕುತ್ತಿಗೆಗೆ ಜೋತುಬಿದ್ದು ಅವರನ್ನೂ ಕೆಳಗೊತ್ತುತ್ತಾನೆ. ಆದ್ದರಿಂದ ಮೊದಲು ದಡದಿಂದ ಉದ್ದ ಕೋಲು ಚಾಚಬೇಕು, ಎಟುಕದಿದ್ದರೆ ಹಗ್ಗ ಕಟ್ಟಿದ ಲೈಫ್‌ಬಾಯ್ ಎಸೆಯಬೇಕು. ನೀರಿಗೆ ಇಳಿಯುವುದು ಕೊನೆಯ ದಾರಿ. ಇಳಿದರೂ ತನಗೂ ಅವನಿಗೂ ನಡುವೆ ತೇಲುವ ಟ್ಯೂಬ್ ಇಟ್ಟುಕೊಂಡೇ ಹೋಗಬೇಕು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು, ಮೂವರು ಸಾಯುವುದನ್ನು ತಪ್ಪಿಸುವುದು ಗೋಡೆಗೆ ತೂಗುಹಾಕಿದ ಒಂದು ಕೋಲು, ಒಂದು ಹಗ್ಗ.

ಮೇಲೆತ್ತಿದ ಮೇಲೆ ಹೊಟ್ಟೆ ಅಮುಕುವುದು, ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸುವುದು ನಮ್ಮ ಕಡೆ ಇನ್ನೂ ನಡೆಯುತ್ತದೆ. ಅದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗುತ್ತದೆ, ಅಮೂಲ್ಯ ನಿಮಿಷಗಳೂ ಹೋಗುತ್ತವೆ. ಮುಳುಗಿದವರಿಗೆ ಮುಖ್ಯವಾಗಿ ಕೊರತೆಯಾಗಿರುವುದು ಆಮ್ಲಜನಕ. ಉಸಿರಾಟ ನಿಂತಿದ್ದರೆ ಮೊದಲು ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರು ಕೊಡಬೇಕು. ಯುರೋಪಿನ ತಜ್ಞರು ಐದು ಸಲ ಎನ್ನುತ್ತಾರೆ. ಆಮೇಲೆ ಎದೆಯ ನಡುವೆ ಐದಾರು ಸೆಂಟಿಮೀಟರ್ ಒಳಹೋಗುವಂತೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತರ ವೇಗದಲ್ಲಿ 30 ಸಲ ಒತ್ತಿ, ಮತ್ತೆ ಎರಡು ಉಸಿರು. ಆಂಬುಲೆನ್ಸ್ ಬರುವವರೆಗೂ ಬಿಡಬಾರದು. ಎದ್ದು ಕೂತು ‘ಈಗ ಆರಾಮು’ ಎಂದವರನ್ನೂ ಆಸ್ಪತ್ರೆಗೆ ಕರೆದೊಯ್ಯಬೇಕು, ಒಳಗೆ ಹೋದ ನೀರು ಕೆಲವು ಗಂಟೆಗಳ ನಂತರ ಉಸಿರು ಕೆಡಿಸಬಹುದು. ಘಟ್ಟದ ರೆಸಾರ್ಟುಗಳಿಗೆ 108 ವಾಹನ ಬರಲು ಅರ್ಧ ಗಂಟೆ ಹಿಡಿಯುವುದುಂಟು. ಆ ಅರ್ಧ ಗಂಟೆಯನ್ನು ತುಂಬಬೇಕಾದವನು ಕೊಳದ ಪಕ್ಕ ನಿಂತವನೇ.

ಮುಂದಿನ ಸಲ ರೆಸಾರ್ಟಿಗೆ ಹೋದಾಗ ನೀರಿಗೆ ಇಳಿಯುವ ಮೊದಲು ಐದು ನಿಮಿಷ ದಡದಲ್ಲಿ ನಿಲ್ಲಿ. ಆಳದ ಕಡೆ ತಳದ ಜಾಲರಿ ಕಾಣುತ್ತಿದೆಯೇ? ಆಳದ ಅಂಕಿ ದಡದ ಮೇಲೆ ಬರೆದಿದೆಯೇ? ಕೋಲು ಮತ್ತು ಲೈಫ್‌ಬಾಯ್ ಕೈಗೆ ಸಿಗುವಂತಿವೆಯೇ? ಇವತ್ತಿನ ಪಿಎಚ್, ಕ್ಲೋರಿನ್ ಎಷ್ಟು ಎಂದು ಕೇಳಿ. ಪುಸ್ತಕ ತೆಗೆದು ತೋರಿಸಿದರೆ ಆ ರೆಸಾರ್ಟಿನವರು ಕೆಲಸ ಬಲ್ಲವರು. ಜೀವರಕ್ಷಕ ಯಾರು ಎಂದು ಕೇಳಿ, ತೋರಿಸಿದವನಿಂದ ಟೀ ತರಿಸಬೇಡಿ. ಯಾರೂ ಇಲ್ಲ ಎಂದಾದರೆ ಮಕ್ಕಳ ಜೊತೆ ಒಬ್ಬ ದೊಡ್ಡವರು ಕೈಗೆಟುಕುವ ದೂರದಲ್ಲೇ ನೀರಿನಲ್ಲಿರಲಿ, ಕುಡಿದವರು ದಡದಲ್ಲೇ ಉಳಿಯಲಿ, ಈಜು ಬಾರದವರು ಸೊಂಟ ದಾಟುವ ನೀರಿಗೆ ಹೋಗದಿರಲಿ.